ಷಡ್ಡಕನ ಹೊಸತೊಡಕಿಗೆ ನಾನು ನೋಡಿದ ಕಾನೂನು

ಹೆಂಡತಿಯ ತಂಗಿಯ ಗಂಡನಿಗೆ ನಮ್ಮ ಕಡೆ ಷಡ್ಡಕ ಎನ್ನುತ್ತಾರೆ. ಅಣ್ಣತಮ್ಮಂದಿರ ನಡುವೆ ಹೊಲವೋ ಮನೆಯೋ ಇದ್ದು, ಹೊಟ್ಟೆಕಿಚ್ಚಿಗೆ ಒಂದು ಗೌರವಯುತವಾದ ಕಾರಣವಾದರೂ ಸಿಗುತ್ತದೆ. ಷಡ್ಡಕರ ನಡುವೆ ಇರುವುದು ಒಬ್ಬ ಅತ್ತೆ ಮಾತ್ರ. ಆಕೆ ಯಾರ ಎಲೆಗೆ ಮೊದಲು ಬಡಿಸಿದರು, ಯಾರಿಗೆ ಕೈಯಿರುವ ಕುರ್ಚಿ ಹಾಕಿಸಿದರು ಎಂಬುದರ ಮೇಲೆ ಇಬ್ಬರು ಬೆಳೆದ ಗಂಡಸರ ನೆಮ್ಮದಿ ನಿಂತಿರುತ್ತದೆ. ಇದನ್ನು ಒಪ್ಪಿಕೊಳ್ಳುವ ಗಂಡಸನ್ನು ನಾನು ಇದುವರೆಗೆ ನೋಡಿಲ್ಲ. ಆದ್ದರಿಂದ ನಾನೇ ಒಪ್ಪಿಕೊಳ್ಳುತ್ತಿದ್ದೇನೆ.

ನಾನು ದೊಡ್ಡಬಳ್ಳಾಪುರದ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನಾಗಿ ಸೇರಿ ಶಿರಸ್ತೇದಾರನಾಗಿ ನಿವೃತ್ತನಾದವನು. ಅತ್ತೆಯ ಮನೆ ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ಒಂದು ಊರಿನಲ್ಲಿ. ಅವರಿಗೆ ಇಬ್ಬರೇ ಹೆಣ್ಣುಮಕ್ಕಳು. ದೊಡ್ಡವಳನ್ನು ನನಗೆ ಕೊಟ್ಟಾಗ ನಾನು ಸರ್ಕಾರಿ ನೌಕರ. ಆ ಕಾಲದಲ್ಲಿ ಅದಕ್ಕಿಂತ ದೊಡ್ಡ ಪದವಿಯನ್ನು ಅವರು ಊಹಿಸಿರಲಿಲ್ಲ. ಹತ್ತು ವರ್ಷ ಆ ಮನೆಯಲ್ಲಿ ನಾನೊಬ್ಬನೇ ಅಳಿಯನಾಗಿ ಮೆರೆದೆ. ಆಮೇಲೆ ಚಿಕ್ಕವಳಿಗೆ ಹೊಸಕೋಟೆ ಕಡೆಯ ಹುಡುಗನನ್ನು ತಂದರು. ಅವನು ಯಾವುದೋ ಕಾರ್ಖಾನೆಯಲ್ಲಿ ಯಂತ್ರ ರಿಪೇರಿ ಮಾಡುತ್ತಿದ್ದ, ನಾನು ನಿರಾತಂಕವಾಗಿದ್ದೆ. ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಅದೇ ಯಂತ್ರಗಳನ್ನು ಸಿಂಗಪುರದಲ್ಲಿ ರಿಪೇರಿ ಮಾಡಲು ಅವನನ್ನು ಕರೆದರು. ಯಂತ್ರ ಅದೇ, ಸ್ಪ್ಯಾನರ್ ಅದೇ, ಆದರೆ ಅತ್ತೆಯ ಮನೆಯಲ್ಲಿ ಅವನ ಎತ್ತರವೇ ಬೇರೆಯಾಯಿತು.

ಅವನಲ್ಲಿ ಏನಾದರೂ ಕೆಟ್ಟ ಗುಣವಿದ್ದಿದ್ದರೆ ನನಗೆ ಎಷ್ಟೋ ಅನುಕೂಲವಾಗುತ್ತಿತ್ತು. ಅವನು ಕುಡಿಯುವುದಿಲ್ಲ. ಬಂದ ಕೂಡಲೇ ನನ್ನ ಕಾಲು ಮುಟ್ಟುತ್ತಾನೆ. ನನಗೆಂದು ತಂದ ಅಂಗಿ ಅಳತೆಗೆ ಸರಿಯಾಗಿರುತ್ತದೆ. ನನ್ನ ಹೆಂಡತಿಯೇ ತಂದ ಅಂಗಿಗಳು ಇಪ್ಪತ್ತೆಂಟು ವರ್ಷಗಳಲ್ಲಿ ಒಮ್ಮೆಯೂ ಸರಿಹೋಗಿಲ್ಲ. ತಪ್ಪೇ ಮಾಡದವನ ಮೇಲೆ ಹೊಟ್ಟೆಕಿಚ್ಚು ಪಡುವುದು ಬಹಳ ಶ್ರಮದ ಕೆಲಸ. ಆಧಾರವಿಲ್ಲದ ಕಡತವನ್ನು ಮುಂದಕ್ಕೆ ಸಾಗಿಸಿದ ಹಾಗೆ.

ಆದರೂ ಆ ಮನೆಯಲ್ಲಿ ನನ್ನದೆಂದು ಒಂದು ಅಧಿಕಾರ ಉಳಿದಿತ್ತು. ಯುಗಾದಿಯ ಮರುದಿನ, ಹೊಸತೊಡಕಿನಂದು, ನಮ್ಮ ಕಡೆ ಬಾಡೂಟ. ಊರವರು ಸೇರಿ ಕುರಿ ಕಡಿದು ಮಾಂಸವನ್ನು ಗುಡ್ಡೆಗಳಾಗಿ ಹಂಚಿಕೊಳ್ಳುತ್ತಾರೆ. ಮುದ್ದೆ, ಸಾರು ಮುಗಿದ ಮೇಲೆ ಇಸ್ಪೀಟು. ವರ್ಷದಲ್ಲಿ ಅದೊಂದು ದಿನ ಎಲೆ ಹಿಡಿಯದಿದ್ದರೆ ಏನೋ ಬಾಕಿ ಉಳಿದಂತೆ ಜನಕ್ಕೆ ಅನ್ನಿಸುತ್ತದೆ. ಅತ್ತೆಯ ಮನೆಯ ಪಡಸಾಲೆಯಲ್ಲಿ ದಾಯಾದಿಗಳೆಲ್ಲ ಕೂತು ಅಂದರ್ ಬಾಹರ್ ಆಡುತ್ತಿದ್ದರು. ಪ್ರತಿ ಆಟದಲ್ಲೂ ಗೆದ್ದವನು ಒಂದು ಪಾಲನ್ನು ತೆಗೆದು ಡಬ್ಬಿಗೆ ಹಾಕಬೇಕು. ಅದಕ್ಕೆ ಆ ಮನೆಯಲ್ಲಿ ‘ಒಲೆ ಕಾಸು’ ಎಂದು ಹೆಸರು. ಅಷ್ಟು ಜನಕ್ಕೆ ಅಡುಗೆ ಮಾಡಿ ಹಾಕುವ ಮನೆಯವರಿಗೆ ಸಲ್ಲುವ ಮರ್ಯಾದೆ ಅದು. ಮಾಂಸದ ಖರ್ಚು ಹೋಗಿ ಮಿಕ್ಕದ್ದು ಅತ್ತೆಯ ಸೆರಗಿನ ಗಂಟಿಗೆ. ಮಾವ ತೀರಿಕೊಂಡ ಮೇಲೆ ಎಲೆ ಹಾಕುವುದೂ ಒಲೆ ಕಾಸು ಎತ್ತುವುದೂ ಹಿರಿಯ ಅಳಿಯನಾದ ನನ್ನ ಪಾಲಿಗೆ ಬಂದವು. ಆ ಒಂದು ಮಧ್ಯಾಹ್ನ ಕೈಯಿರುವ ಕುರ್ಚಿ ನನ್ನದು. ಸಿಂಗಪುರಕ್ಕೆ ಹೋದ ಮೇಲೆ ಷಡ್ಡಕನಿಗೆ ಯುಗಾದಿಗೆ ಬರಲಾಗುತ್ತಿರಲಿಲ್ಲ, ಅವನಿಗೆ ರಜೆ ಸಿಗುತ್ತಿದ್ದುದು ದೀಪಾವಳಿಗೆ. ದೇವರು ಎಲ್ಲರನ್ನೂ ನೋಡುತ್ತಾನೆ.

ಈ ವರ್ಷ ಯುಗಾದಿಗೆ ಮೂರು ವಾರ ಇದ್ದಾಗ ಅವನ ಫೋನು ಬಂತು.

“ಅಣ್ಣ, ಈ ಸಲ ನಮ್ಮನೇಲಿ ಹೊಸತೊಡಕು ಮಾಡೋಣ ಅಂತಿದ್ದೀನಿ. ಯುಗಾದಿ ಆದ ಭಾನುವಾರ ಇಟ್ಕೊಂಡಿದ್ದೀನಿ, ಎಲ್ಲಾರ್ಗೂ ರಜ ಇರುತ್ತೆ. ಒಲೆ ಕಾಸು ಹೆಂಗೆ ಎತ್ತೋದು ಅಂತ ಸರಿಯಾಗಿ ಹೇಳ್ಕೊಡಿ. ನಿಮ್ಮಷ್ಟು ಕ್ರಮ ಯಾರಿಗೂ ಗೊತ್ತಿಲ್ಲ.”

ಹೊಗಳಿಕೆ ಯಾವ ಬಾಯಿಂದ ಬಂದರೂ ಸಿಹಿಯೇ. ನಾನು ಕನ್ನಡಕ ಹಾಕಿಕೊಂಡು, ಫೋನಿನಲ್ಲಿ ಕನ್ನಡಕದಿಂದ ಏನೂ ಉಪಯೋಗವಿಲ್ಲದಿದ್ದರೂ, ಅರ್ಧ ಗಂಟೆ ಉಪದೇಶ ಮಾಡಿದೆ. ಗೆದ್ದವನಿಂದ ಎಷ್ಟು, ಯಾವಾಗ, ಡಬ್ಬಿ ಯಾರ ಬಲಗಡೆ ಇರಬೇಕು, ಕೊಡಲು ಗೊಣಗುವವನನ್ನು ಹೇಗೆ ದಾರಿಗೆ ತರಬೇಕು. ಅವನು “ಹೂಂ ಅಣ್ಣ, ಹೂಂ ಅಣ್ಣ” ಎಂದು ಬರೆದುಕೊಂಡ.

ಯುಗಾದಿಗೆ ಮುಂಚಿನ ಭಾನುವಾರ ಮನೆಯವರ ವಾಟ್ಸಾಪ್ ಗುಂಪಿಗೆ ಒಂದು ಚಿತ್ರ ಬಂತು. ಬೇವಿನ ಎಲೆ, ಮಾವಿನ ತೋರಣ, ನಡುವೆ ದಪ್ಪ ಅಕ್ಷರ: ಸಿಂಗಪುರದಲ್ಲಿ ನಮ್ಮೂರ ಹೊಸತೊಡಕು. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಕಡೆಯ ಯಾರು ಬೇಕಾದರೂ ಬರಬಹುದು. ತಲೆಗೆ ಇಷ್ಟು ಎಂದು ಮುಂಗಡ. ಊಟವಾದ ಮೇಲೆ ಸಾಂಪ್ರದಾಯಿಕ ಅಂದರ್ ಬಾಹರ್, ಒಲೆ ಕಾಸು ಸಮೇತ. ಕೊನೆಯ ಸಾಲು: ನಮ್ಮ ಹಿರಿಯಣ್ಣನವರು ದೊಡ್ಡಬಳ್ಳಾಪುರದಿಂದ ವಿಡಿಯೋದಲ್ಲಿ ಆಟಕ್ಕೆ ಕೂರುತ್ತಾರೆ.

ಅತ್ತೆ ತಕ್ಷಣ ನನ್ನ ಹೆಂಡತಿಗೆ ಫೋನು ಮಾಡಿದರು. ಸ್ಪೀಕರಿನಲ್ಲಿ ನನಗೂ ಕೇಳಿಸಿತು. “ನೋಡ್ದೇನಮ್ಮಾ, ನಮ್ ಚಿಕ್ಕಳಿಯ ಒಲೆ ಕಾಸನ್ನ ಸಮುದ್ರ ದಾಟಿಸ್ಬಿಟ್ಟ. ನಿಮ್ಮಪ್ಪ ಇದ್ದಿದ್ರೆ ಎಷ್ಟು ಖುಷಿ ಪಡ್ತಿದ್ರೋ.”

ಹದಿನಾರು ವರ್ಷ ಡಬ್ಬಿ ಹಿಡಿದು ಕೂತವನು ನಾನು. ನನ್ನ ವಿಷಯದಲ್ಲಿ ಅತ್ತೆ ಒಮ್ಮೆಯೂ ಮಾವನವರ ಖುಷಿಯನ್ನು ನೆನೆದವರಲ್ಲ. ನನ್ನ ಪದ್ಧತಿ, ನನ್ನ ಉಪದೇಶ, ಕೊನೆಗೆ ನನ್ನನ್ನೇ ಒಂದು ಟೀವಿ ಪರದೆಯಲ್ಲಿ ಆಟಿಕೆಯಂತೆ ಕೂರಿಸುವುದು, ಕೀರ್ತಿ ಮಾತ್ರ ಅವನಿಗೆ. ಅಂದು ಮಧ್ಯಾಹ್ನ ಊಟವಾದ ಮೇಲೆ ನಾನು ಮಲಗಲಿಲ್ಲ. ಫೋನು ತೆಗೆದು ಸಿಂಗಪುರದಲ್ಲಿ ಜೂಜಿನ ಕಾನೂನು ಏನಿದೆ ಎಂದು ಹುಡುಕಲು ಕೂತೆ. ಅವನ ಒಳಿತಿಗೆಂದು ಹುಡುಕಿದೆ ಎಂದು ಬರೆಯಬಹುದಿತ್ತು, ಓದುವವರು ನಂಬುತ್ತಲೂ ಇದ್ದರು. ನಿಜವೆಂದರೆ, ಅಲ್ಲಿ ಇಸ್ಪೀಟು ಪೂರ್ತಿ ನಿಷೇಧವಾಗಿರಲಿ ಎಂದು ಆಸೆಪಟ್ಟು ಹುಡುಕಿದೆ.

ಅಲ್ಲಿನ ಸರ್ಕಾರದ ಜೂಜಿನ ಇಲಾಖೆಯವರು ತಮ್ಮ ಜಾಲತಾಣದಲ್ಲಿ ಎಲ್ಲವನ್ನೂ ಪ್ರಶ್ನೋತ್ತರವಾಗಿ ಬರೆದಿಟ್ಟಿದ್ದಾರೆ. ಸರ್ಕಾರಿ ಇಲಾಖೆಯೊಂದು ಇಷ್ಟು ಸ್ಪಷ್ಟವಾಗಿ ಬರೆಯಬಹುದೆಂದು ನನಗೆ ಸೇವಾವಧಿಯಲ್ಲಿ ತಿಳಿದಿರಲಿಲ್ಲ. ಸ್ವಲ್ಪ ಅಸೂಯೆ ಅವರ ಮೇಲೂ ಆಯಿತು. ಮೊದಲು ಸಿಕ್ಕಿದ ಸಾಲು ನನ್ನ ಎದೆ ಒಡೆಯಿತು. ಮನೆಯಲ್ಲಿ ಬಂಧುಗಳು, ಸ್ನೇಹಿತರು ಸೇರಿ ಆಡಿಕೊಳ್ಳುವುದಕ್ಕೆ ಅಲ್ಲಿ ವಿನಾಯಿತಿ ಇದೆ. ಹಣ ಕಟ್ಟಿ ಆಡಿದರೂ ಸರಿ. ಷಡ್ಡಕ ಇಲ್ಲೂ ಗೆದ್ದ ಎಂದು ಫೋನು ಮುಚ್ಚಿಡುವವನಿದ್ದೆ.

ಆದರೆ ಕಚೇರಿಯ ಅಭ್ಯಾಸ ಬಿಡಲಿಲ್ಲ. ವಿನಾಯಿತಿ ಎಂಬ ಮಾತು ಬಂದ ಕಡೆ ಕೆಳಗೆ ಷರತ್ತುಗಳು ಇದ್ದೇ ಇರುತ್ತವೆ. ಇದ್ದವು. ಆಟ ಯಾರದಾದರೂ ವಾಸದ ಮನೆಯಲ್ಲಿ ನಡೆಯಬೇಕು, ಸರಿ. ಆಡುವವರು ಒಂದೇ ಕುಟುಂಬದವರಾಗಿರಬೇಕು, ಇಲ್ಲವೇ ಒಬ್ಬರಿಗೊಬ್ಬರು ಚೆನ್ನಾಗಿ ಪರಿಚಯವಿದ್ದವರಾಗಿರಬೇಕು. ನಾಲ್ಕು ತಾಲ್ಲೂಕಿನ ಯಾರು ಬೇಕಾದರೂ ಬರಬಹುದು ಎಂದು ಕರೆದರೆ ಇದು ಹೋಯಿತು. ಅದು ವ್ಯಾಪಾರವಾಗಿರಬಾರದು, ಆಟದಲ್ಲಿ ಗೆದ್ದದ್ದು ಬಿಟ್ಟು ಬೇರೆ ಲಾಭ ಯಾರಿಗೂ ಆಗಬಾರದು; ಒಲೆ ಕಾಸು ಸತ್ತಿತು. ಈ ವಿನಾಯಿತಿ ಎದುರು ಬದುರು ಕೂತು ಆಡುವುದಕ್ಕೆ ಮಾತ್ರ, ಆನ್‌ಲೈನಿಗೆ ಅನ್ವಯಿಸುವುದಿಲ್ಲ. ಹಿರಿಯಣ್ಣನವರು ವಿಡಿಯೋದಲ್ಲಿ ಸತ್ತರು. ಅವನ ಆಟ ಒಂದಲ್ಲ, ಮೂರು ಕಡೆ ಷರತ್ತನ್ನು ಮುರಿದಿತ್ತು. ಸುಮ್ಮನೆ ಪರಿಚಯದ ನಾಲ್ವರನ್ನು ಕರೆದು ಎಲೆ ಹಾಕಿದ್ದರೆ ಯಾವ ತಪ್ಪೂ ಇರಲಿಲ್ಲ. ಅವನನ್ನು ತಪ್ಪಿತಸ್ಥನನ್ನಾಗಿ ಮಾಡಿದ್ದು ನಮ್ಮ ಊರಿನ ಮರ್ಯಾದೆ, ಅದನ್ನು ಅಕ್ಷರಶಃ ಹೇಳಿಕೊಟ್ಟವನು ನಾನು.

ಇದನ್ನೆಲ್ಲ ಒಂದು ಹಾಳೆಯಲ್ಲಿ ನೀಟಾಗಿ ಟಿಪ್ಪಣಿ ಮಾಡಿಕೊಂಡೆ. ಆಮೇಲೆ ಫೋನು ಮಾಡಬೇಕಿತ್ತು. ಹಾಳೆಯನ್ನು ಮಡಚಿ ಪಂಚಾಂಗದೊಳಗಿಟ್ಟು ಕಾಫಿ ಕೇಳಿದೆ.

ಸೋಮವಾರವೂ ಹೇಳಲಿಲ್ಲ. ಮಂಗಳವಾರ ಒಳ್ಳೆಯ ಮಾತಿಗೆ ಒಳ್ಳೆಯ ದಿನವಲ್ಲ ಎಂದುಕೊಂಡೆ. ಒಬ್ಬ ಮನುಷ್ಯನಿಗೆ ತಿಳಿಯದ ಅವನ ತಪ್ಪು ನಮಗೆ ತಿಳಿದಿರುವುದರಲ್ಲಿ ಎಂಥ ಸುಖವಿದೆ ಎಂದು ಆ ದಿನಗಳಲ್ಲಿ ಕಂಡುಕೊಂಡೆ. ಗುಂಪಿನಲ್ಲಿ ಅವನು ಇಪ್ಪತ್ತು ಜನ ಆದರು, ಇಪ್ಪತ್ತೆಂಟು ಆದರು ಎಂದು ಬರೆದಾಗಲೆಲ್ಲ ಎರಡು ಕೈ ಜೋಡಿಸಿದ ಚಿತ್ರ ಕಳಿಸಿದೆ. ಅವನನ್ನು ಜೈಲಿಗೆ ಕಳಿಸುವ ಆಸೆ ನನಗಿರಲಿಲ್ಲ. ಏನೋ ಸ್ವಲ್ಪ, ಮರ್ಯಾದೆಗೆ ಧಕ್ಕೆಯಾಗುವಷ್ಟು, ಅತ್ತೆಗೆ ಸುದ್ದಿ ತಲುಪುವಷ್ಟು ಆಗಲಿ ಎಂದಿತ್ತು. ಕಾನೂನು ನನ್ನ ಅನುಕೂಲಕ್ಕೆ ತಕ್ಕಷ್ಟು ಮಾತ್ರ ಬೀಸಿ ನಿಲ್ಲುತ್ತದೆ ಎಂದು ಮೂವತ್ತಾರು ವರ್ಷ ಸರ್ಕಾರಿ ಸೇವೆ ಮಾಡಿದವನು ನಂಬಿದ್ದೆ.

ಬುಧವಾರ ಬೆಳಗ್ಗೆ ನನ್ನ ಹೆಂಡತಿ ಯುಗಾದಿಗೆ ಮನೆ ತೊಳೆಯುತ್ತಿದ್ದಾಗ ಅವಳ ತಂಗಿ ಫೋನು ಮಾಡಿದಳು. ಕೈ ಒದ್ದೆಯಾಗಿದ್ದ ಹೆಂಡತಿ ಸ್ಪೀಕರ್ ಹಾಕಿದಳು; ನಾನು ಮಾವಿನ ಸೊಪ್ಪು ಕಟ್ಟಲು ಏಣಿ ಹತ್ತಿದ್ದೆ.

“ಅಕ್ಕ, ನನಗ್ಯಾಕೋ ಭಯ ಕಣೆ,” ಎಂದಳು ನಾದಿನಿ. “ಮುಂದಿನ ತಿಂಗಳು ಇವರ ವರ್ಕ್ ಪಾಸು ರಿನ್ಯೂ ಆಗ್ಬೇಕು. ನಮ್ಮ ಕೆಳಗಡೆ ಮನೆಯವರು ಸರಿ ಇಲ್ಲ. ಮಗು ಬರ್ತ್‌ಡೇಗೆ ಹತ್ತು ಜನ ಸೇರಿದ್ದಕ್ಕೇ ಗಲಾಟೆ ಅಂತ ಪೊಲೀಸ್ ಕರ್ಸಿದ್ರು. ಅವತ್ತೇನೋ ಮೆತ್ತಗೆ ಹೇಳಿ ಹೋದ್ರು. ಈ ಸಲ ಮೂವತ್ತು ಜನ.”

“ಊಟಕ್ಕೆ ತಾನೇ ಕರ್ದಿರೋದು, ಅದಕ್ಕೇನಂತೆ,” ಎಂದಳು ನನ್ನ ಹೆಂಡತಿ.

“ಊಟಕ್ಕೇ ಅನ್ಕೋ. ಆದ್ರೂ ಪಾಸು ಹೋದ್ರೆ ಕೆಲ್ಸ ಹೋಯ್ತು, ಕೆಲ್ಸ ಹೋದ್ರೆ ಗಂಟು ಮೂಟೆ ಕಟ್ಟೋದೇ. ಮಗು ಸ್ಕೂಲು ಬೇರೆ.”

ಏಣಿಯ ಮೇಲೆ ನನ್ನ ಕೈ ನಿಂತಿತು. ಪೊಲೀಸರು ಬರುವುದು ನನ್ನ ಕಲ್ಪನೆಯಲ್ಲಿ ಒಂದು ಅಲಂಕಾರದಂತೆ ಇತ್ತು. ಈಗ ಅವರು ಲಿಫ್ಟಿನಲ್ಲಿ ಮೇಲಕ್ಕೆ ಬರುತ್ತಿರುವುದು ಕಾಣಿಸಿತು; ಬಾಗಿಲು ತೆಗೆದರೆ ಒಬ್ಬರಿಗೊಬ್ಬರು ಪರಿಚಯವಿಲ್ಲದ ಮೂವತ್ತು ಮಂದಿ, ನಡುವೆ ಎಲೆ, ಬಲಗಡೆ ನಾನು ಹೇಳಿದ ಜಾಗದಲ್ಲೇ ಡಬ್ಬಿ. ಮೊಕದ್ದಮೆಗೆ ಬೇಕಾದ ಸಾಕ್ಷ್ಯವನ್ನು ಇಷ್ಟು ಕ್ರಮಬದ್ಧವಾಗಿ ಜೋಡಿಸಿಕೊಟ್ಟ ಇನ್ನೊಬ್ಬ ಷಡ್ಡಕ ಇರಲಾರ.

ಹೆಂಡತಿ ಫೋನು ಇಟ್ಟು ಏಣಿಯ ಕೆಳಗೆ ಬಂದು ನಿಂತಳು. “ಯಾಕ್ರೀ ಹಂಗೆ ನಿಂತ್ಬಿಟ್ರಿ?”

“ಏನಿಲ್ಲ.”

“ಭಾನುವಾರದಿಂದ ನೋಡ್ತಿದ್ದೀನಿ. ಹಾಡು ಗುನುಗ್ತೀರ, ಎರಡೆರಡು ಸಲ ಕಾಫಿ ಕೇಳ್ತೀರ. ನೀವು ಖುಷಿಯಾಗಿದ್ರೆ ಯಾರಿಗೋ ಏನೋ ಆಗ್ತೈತೆ ಅಂತಲೇ ಲೆಕ್ಕ. ಇಳೀರಿ ಮೊದ್ಲು.”

ಇಳಿದೆ. ಪಂಚಾಂಗದಿಂದ ಹಾಳೆ ತೆಗೆದು ತೋರಿಸಿದೆ. ಅವಳು ನಿಧಾನವಾಗಿ ಓದಿದಳು. ನಾನು ಒಂದು ಪ್ರಶಂಸೆಯನ್ನು ನಿರೀಕ್ಷಿಸಿದೆನೆಂದು ಹೇಳಲು ನಾಚಿಕೆಯಾಗುತ್ತದೆ. ಟಿಪ್ಪಣಿ ಅಷ್ಟು ಚೆನ್ನಾಗಿತ್ತು.

“ಇದು ನಿಮಗೆ ಗೊತ್ತಿತ್ತಾ?”

“ಓದಿದ್ದೆ.”

“ಗೊತ್ತಿದ್ದೂ ಕೈ ಮುಗಿಯೋ ಬೊಂಬೆ ಕಳಿಸ್ತಿದ್ರಾ?”

ಇಂಥ ಪ್ರಶ್ನೆಗಳಿಗೆ ಉತ್ತರ ಸಲ್ಲಿಸಲು ಕಾಲಾವಕಾಶ ಕೋರುವುದು ನಮ್ಮ ಇಲಾಖೆಯ ಪದ್ಧತಿ. ಅವಳು ಕೊಡಲಿಲ್ಲ. “ನಾಳೆ ಬೇವು ಬೆಲ್ಲ ಬಾಯಿಗೆ ಹಾಕೋಕೆ ಮುಂಚೆ ಫೋನ್ ಮಾಡ್ತೀರ. ಇಲ್ಲ ಅಂದ್ರೆ ನಾನೇ ಮಾಡ್ತೀನಿ, ಎಲ್ಲಾನೂ ಹೇಳ್ತೀನಿ.” ‘ಎಲ್ಲಾನೂ’ ಎಂಬ ಮಾತಿನ ಮೇಲೆ ಅವಳು ಕೊಂಚ ಭಾರ ಹಾಕಿದಳು.

ಯುಗಾದಿಯ ಬೆಳಗ್ಗೆ, ಎಣ್ಣೆ ಸ್ನಾನ ಮಾಡಿ ಫೋನು ಹಿಡಿದೆ. ಅಲ್ಲಿ ನಮಗಿಂತ ಎರಡೂವರೆ ಗಂಟೆ ಮುಂದೆ. ಅವನು ಕೆಲಸಕ್ಕೆ ಹೋಗಿ, ಕಾರ್ಖಾನೆಯ ಟೀ ವಿರಾಮದಲ್ಲಿದ್ದ.

“ಹಬ್ಬದ ಶುಭಾಶಯ ಅಣ್ಣ. ಮೂವತ್ತೆರಡು ಜನ ಆದ್ರು ಗೊತ್ತಾ? ನಿಮ್ಮನ್ನ ನೋಡೋಕೇ ಕಾಯ್ತಾವ್ರೆ.”

“ಒಂದ್ ವಿಷಯ ಕಣಯ್ಯ. ಅಲ್ಲಿ ದುಡ್ಡಿಟ್ಟು ಆಡೋದರ ಕಾನೂನು ಏನು ಅಂತ ನೋಡಿದ್ಯಾ?”

“ನೋಡ್ದೆ ಅಣ್ಣ,” ಎಂದ. ಅವನು ನಕ್ಕಿದ್ದು ಕೇಳಿಸಿತು. “ಕೇಳ್ದೆ. ನಮ್ಮ ಫ್ಯಾಕ್ಟ್ರಿ ಚೈನೀಸ್ ಫೋರ್‌ಮನ್ ಹೇಳಿದ್ರು. ಅವರ ಹೊಸವರ್ಷಕ್ಕೆ ಎಲ್ಲಾ ಮನೇಲೂ ಆಡ್ತಾರಂತೆ. ಮನೇಲಾದ್ರೆ ಪರವಾಗಿಲ್ಲ ಅಂತ.”

“ಅವರ ಮನೇಲಿ ಯಾರ್ಯಾರು ಆಡ್ತಾರೆ ಅಂತ ಕೇಳಿದ್ಯಾ?”

“ಮನೆಯವ್ರು, ಅತ್ತೆ ಮಾವ, ಅಕ್ಕ ತಂಗೀರು…” ಎಂದು ಹೇಳುತ್ತಾ ಅವನ ದನಿ ನಿಧಾನವಾಯಿತು. ಅವನು ಜಾಣ. ಅದೂ ಒಂದು ನನ್ನ ದೂರು.

“ನಿನ್ನ ಮೂವತ್ತೆರಡು ಜನದಲ್ಲಿ ನಿನಗೆ ಗೊತ್ತಿರೋರೆಷ್ಟು?”

“ಏಳೆಂಟು ಜನ.”

“ಮಿಕ್ಕೋರಿಗೆ ಒಬ್ರಿಗೊಬ್ರು?”

“ಊರು ಒಂದೇ ಕಡೆ ಅಷ್ಟೇ ಅಣ್ಣ.”

“ಊರು ಒಂದೇ ಕಡೆ ಅಂದ್ರೆ ಪರಿಚಯ ಅಂತ ಅಲ್ಲಿ ಒಪ್ಪಲ್ಲ. ಆಮೇಲೆ ಒಲೆ ಕಾಸು. ಮನೆಯವನು ಆಟದಿಂದ ಪಾಲು ಎತ್ತಿದ್ರೆ ಅದು ಹಬ್ಬದಾಟ ಅಲ್ಲ, ಜೂಜು ನಡೆಸ್ದಂಗೆ. ನಾನು ಇಲ್ಲಿಂದ ಕೂರೋದೂ ಇಲ್ಲ. ಆನ್‌ಲೈನಾದ್ರೆ ಮನೆಯವ್ರೇ ಆದ್ರೂ ಅಲ್ಲಿ ಬಿಡಲ್ಲ.”

ಅವನ ಹಿಂದೆ ಯಂತ್ರದ ಸದ್ದು ಬರುತ್ತಿತ್ತು.

“ಒಲೆ ಕಾಸು ಬಿಟ್ಬಿಟ್ರೆ ಆಗಲ್ವಾ ಅಣ್ಣ?”

“ಜನ?”

“ಸರಿ. ಜನ.” ಟೀ ಲೋಟ ಇಟ್ಟ ಸದ್ದಾಯಿತು. “ನೀವು ಅಲ್ಲಿಂದ ಮೊಬೈಲ್ ಆ್ಯಪಲ್ಲಿ ಬಂದ್ರೆ?”

“ಅದಂತೂ ಬೇಡ್ವೇ ಬೇಡ. ದುಡ್ಡು ಕಟ್ಟಿ ಆಡೋ ಆ್ಯಪುಗಳನ್ನ ನಡೆಸೋದಕ್ಕೆ ಈಗ ನಮ್ಮ ದೇಶದಲ್ಲೇ ನಿಷೇಧ ಬಂದೈತೆ. ನನ್ನ ಮಾತು ನಂಬ್ಕೊಂಡು ಕೂರಬೇಡ. ಅವರ ಇಲಾಖೆ ವೆಬ್‌ಸೈಟು ನೀನೇ ಓದು. ಅನುಮಾನ ಇದ್ರೆ ಅವರಿಗೇ ಬರೆದು ಕೇಳು. ಫೋರ್‌ಮನ್‌ನ ಕೇಳೋದಲ್ಲ.”

“ಓದ್ತೀನಿ ಅಣ್ಣ. ನೀವು ಯಾವಾಗ ನೋಡಿದ್ರಿ ಇದನ್ನ?”

ಅವನಿಗೆ ಅದರಲ್ಲಿ ಯಾವ ಅನುಮಾನವೂ ಇರಲಿಲ್ಲ, ಸುಮ್ಮನೆ ಕೇಳಿದ. ನಾನು ಬೇವಿನ ಹೂವಿನ ಬಟ್ಟಲನ್ನು ನೋಡುತ್ತಾ ಹೇಳಿದೆ: “ಈಗ ತಾನೇ. ನಿನ್ನೆ ನಿನ್ನ ಹೆಂಡ್ತಿ ಫೋನ್ ಮಾಡಿದ್ಲಲ್ಲ, ಯಾಕೋ ನೋಡೋಣ ಅನ್ನಿಸ್ತು.”

ವಿವರ ಬೇಕೆಂದ. ಹಾಳೆಯ ಫೋಟೋ ತೆಗೆದು ಕಳಿಸಿದೆ. ಕಳಿಸಿ, ಕರ್ತವ್ಯ ಮುಗಿಸಿದ ಅಧಿಕಾರಿಯಂತೆ ಬೇವು ಬೆಲ್ಲ ಬಾಯಿಗೆ ಹಾಕಿಕೊಂಡೆ.

ಮಧ್ಯಾಹ್ನ ಹೋಳಿಗೆಯ ಹೊತ್ತಿಗೆ ಗುಂಪಿನಲ್ಲಿ ಅವನ ದನಿಯ ಸಂದೇಶ ಬಂತು. ಕಾನೂನು ತಾನೂ ಓದಿದೆ, ಅಣ್ಣ ಹೇಳಿದ್ದು ಸರಿ. ಮುಂಗಡ ಎಲ್ಲರಿಗೂ ವಾಪಸು ಮಾಡುತ್ತಿದ್ದೇನೆ. ಭಾನುವಾರ ಗೊತ್ತಿರುವ ಏಳೆಂಟು ಮನೆಯವರಿಗೆ ಬರೀ ಊಟ, ತನ್ನ ಖರ್ಚಿನಲ್ಲಿ, ಎಲೆ ಇಲ್ಲ. “ನಮ್ಮಣ್ಣ ಹಬ್ಬದ ಬೆಳಗ್ಗೆ ಕೂತು, ಪರದೇಶದ ಕಾನೂನು ಓದಿ, ನನ್ನ ಪಾಸು ಉಳಿಸಿದ್ರು. ನಾನು ಅರ್ಧ ಕೇಳ್ಕೊಂಡು ಹೊರಟಿದ್ದೆ. ತಪ್ಪು ನಂದು. ಇಂಥ ಅಣ್ಣ ಎಲ್ಲಾರ್ಗೂ ಸಿಗಲ್ಲ.”

ಹದಿನೆಂಟು ವರ್ಷಗಳಲ್ಲಿ ಮೊದಲ ಬಾರಿಗೆ ಆ ಮನೆಯವರ ಮುಂದೆ ನನ್ನ ಹೆಸರು ಹೊಗಳಿಕೆಯ ಜೊತೆ ಬಂದಿತ್ತು. ಅತ್ತೆ ಏನೆನ್ನುತ್ತಾರೋ ಎಂದು ಕಾದೆ. ಅವರ ದನಿಯೂ ಬಂತು. “ನೋಡಿ, ಎಷ್ಟು ವಿನಯ. ಅಷ್ಟು ದೊಡ್ಡ ಕೆಲಸದಾಗಿದ್ದೂ ತಪ್ಪು ನಂದು ಅಂತಾನೆ ನನ್ ಅಳಿಯ. ಈ ಕಾಲ್ದಾಗೆ ಯಾರಂತಾರೆ.”

ಹೊಗಳಿಸಿಕೊಂಡವನಿಗಿಂತ ಹೊಗಳಿದವನು ದೊಡ್ಡವನಾದ. ನಾನು ಎರಡನೇ ಹೋಳಿಗೆ ಬೇಡವೆಂದೆ.

ಆಮೇಲೆ ನನಗೊಬ್ಬನಿಗೇ ಅವನ ಇನ್ನೊಂದು ಸಂದೇಶ ಬಂತು. ಓದಿದೆ. “ಅಣ್ಣ, ಟಿಪ್ಪಣಿ ತುಂಬ ಸ್ಪಷ್ಟವಾಗಿದೆ, ಇಟ್ಟುಕೊಂಡಿದ್ದೇನೆ. ಮೇಲೆ ಭಾನುವಾರದ ತಾರೀಕು ಹಾಕಿದ್ದೀರಿ. ಅದನ್ನು ಗುಂಪಿಗೆ ಕಳಿಸಿಲ್ಲ. ನೀವು ಹೇಳಿದ್ದೇ ದೊಡ್ಡದು.”

ಹಾಳೆ ತೆಗೆದು ನೋಡಿದೆ. ಬಲತುದಿಯಲ್ಲಿ ತಾರೀಕು, ಕೆಳಗೆ ನನ್ನ ಕಿರು ಸಹಿ. ಮೂವತ್ತಾರು ವರ್ಷ ಯಾವ ಟಿಪ್ಪಣಿಯನ್ನೂ ಅವೆರಡಿಲ್ಲದೆ ಮೇಲಕ್ಕೆ ಕಳಿಸಿದವನಲ್ಲ. ಜಗತ್ತಿನಲ್ಲಿ ಜನ ಎಷ್ಟೋ ವಿಧದಲ್ಲಿ ಸಿಕ್ಕಿಬೀಳುತ್ತಾರೆ. ತನ್ನ ದುರುದ್ದೇಶಕ್ಕೆ ತಾನೇ ದಿನಾಂಕ ಹಾಕಿ ಸಹಿ ಮಾಡಿ ದೃಢೀಕರಿಸಿದ ಪ್ರತಿಯನ್ನು ರವಾನಿಸಿದವನು ನಾನೊಬ್ಬನೇ ಇರಬೇಕು. ಅವನು ನನ್ನನ್ನು ಬೈದಿದ್ದರೆ, ಒಂದು ಮಾತು ಚುಚ್ಚಿದ್ದರೆ, ಸಾಲ ತೀರಿದಂತೆ ಆಗುತ್ತಿತ್ತು. ಬೈಯಲಿಲ್ಲ. ಕ್ಷಮಿಸುವುದರಲ್ಲೂ ಅವನೇ ಮುಂದೆ.

ಎರಡು ಸಲ ಬರೆದು ಅಳಿಸಿ, ಕೊನೆಗೆ “ತಪ್ಪಾಯಿತು” ಎಂದಷ್ಟೇ ಬರೆದೆ. ಕೈ ಮುಗಿಯುವ ಬೊಂಬೆ ಹಾಕಲಿಲ್ಲ.

ಆ ಸಂಜೆ ಸುಮ್ಮನಿರಲಾರದೆ ಇನ್ನೊಂದು ಕೆಲಸ ಮಾಡಿದೆ. ನಮ್ಮ ಕರ್ನಾಟಕ ಪೊಲೀಸ್ ಕಾಯ್ದೆಯ ಹಳೆಯ ಪುಸ್ತಕ ಮನೆಯಲ್ಲಿತ್ತು. ಯುಗಾದಿ ಬಂದರೆ ತೋಪಿನಲ್ಲಿ ಆಡುವವರನ್ನು ಪೊಲೀಸರು ಜೀಪಿಗೆ ತುಂಬುವುದನ್ನು ವರ್ಷವೂ ಕೇಳುತ್ತಿದ್ದೆವು; ಅದು ಬಯಲಿನಲ್ಲಿ ಆಡುವವರ ಪಾಡು, ಮನೆಯೊಳಗಿನ ನಮಗೇನು ಎಂದುಕೊಂಡಿದ್ದೆವು. ಜೂಜಿನ ಮನೆ ಎಂದರೇನು ಎಂಬ ವ್ಯಾಖ್ಯೆಯನ್ನು ತೆಗೆದು ಓದಿದೆ. ಮನೆಯನ್ನೋ ಎಲೆಗಳನ್ನೋ ಮನೆಯವನ ಲಾಭಕ್ಕಾಗಿ ಆಟಕ್ಕೆ ಬಿಟ್ಟರೆ ಅದು ಜೂಜಿನ ಮನೆ. ಲಾಭ ಯಾವ ರೂಪದಲ್ಲಿ ಬಂದರೂ ಸರಿ. ಒಲೆ ಕಾಸು ಎಂಬ ರೂಪವನ್ನು ಕಾಯ್ದೆ ಹೆಸರಿಸಿರಲಿಲ್ಲ. ಹೆಸರಿಸುವ ಅಗತ್ಯವೂ ಇರಲಿಲ್ಲ. ಸಿಂಗಪುರದವನಿಗೆ ಪಾಠ ಹೇಳಿದ ನಾನು ಹದಿನಾರು ವರ್ಷ ಅತ್ತೆಯ ಪಡಸಾಲೆಯಲ್ಲಿ, ಸರ್ಕಾರಿ ಸಂಬಳ ತೆಗೆದುಕೊಳ್ಳುತ್ತಾ, ಕೈಯಿರುವ ಕುರ್ಚಿಯಲ್ಲಿ ಕೂತು ಅದನ್ನೇ ಮಾಡಿದ್ದೆ.

ಮರುದಿನ ಹೊಸತೊಡಕಿಗೆ ಅತ್ತೆಯ ಮನೆಗೆ ಹೋದೆವು. ಮುದ್ದೆ, ಸಾರು, ಬೋಟಿ ಎಲ್ಲ ಆಯಿತು. ದಾಯಾದಿಗಳು ಪಡಸಾಲೆಗೆ ಬಂದು ಚಾಪೆ ಹಾಸಿದರು. ನನ್ನ ಹೆಂಡತಿಯ ಚಿಕ್ಕಪ್ಪನ ಮಗ, ಟ್ರಾಕ್ಟರ್ ಓಡಿಸುವವನು, ಎಲೆ ಕಲೆಸುತ್ತಾ “ಬಾವ, ಡಬ್ಬಿ ಎಲ್ಲಿ?” ಎಂದ.

“ಈ ವರ್ಷದಿಂದ ಒಲೆ ಕಾಸು ಇಲ್ಲ ಕಣಪ್ಪ. ನೀವು ನಿಮ್ಮ ನಿಮ್ಮಲ್ಲೇ ಆಡ್ಕೊಳ್ಳಿ. ಮನೆಯವ್ರು ಪಾಲು ಎತ್ತಿದ್ರೆ ಕಾನೂನು ಪ್ರಕಾರ ಇದು ಜೂಜಿನ ಅಡ್ಡೆ ಆಗ್ತದೆ.”

ಚಾಪೆಯ ಮೇಲೆ ಒಂದು ಗುಜುಗುಜು ಎದ್ದಿತು. ಕೊಡುವುದು ತಪ್ಪಿತೆಂದು ಸಂತೋಷಪಡುತ್ತಾರೆಂದು ನಾನು ಎಣಿಸಿದ್ದೆ. ಜನ ತಾವು ಗೊಣಗಿಕೊಂಡು ಮಾಡುವ ಕೆಲಸವನ್ನೂ ಬೇರೆಯವರು ನಿಲ್ಲಿಸಿದರೆ ಸಹಿಸುವುದಿಲ್ಲ.

“ಅಡ್ಡೆ ಅಂತೆ. ನಮ್ಮ ದೊಡ್ಡಮ್ಮನ ಮನೆ ಅಡ್ಡೆನಾ?” ಎಂದ ಟ್ರಾಕ್ಟರಿನವನು. “ಅಜ್ಜನ ಕಾಲದಿಂದ ನಡ್ಕೊಂಡು ಬಂದೈತೆ. ಯಾವನ್ ಬಾವ ಇದನ್ನ ಹುಡುಕಿದ್ದು?”

ಅತ್ತೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದರು. ಸೆರಗಿನ ಗಂಟಿನ ವಿಷಯ, ಮುಖ ಗಂಟಾಗಿತ್ತು. ಹುಡುಕಿದವನು ನಾನೇ ಎನ್ನಬಹುದಿತ್ತು. ಷಡ್ಡಕನ ಋಣ ತೀರಿಸುವುದಕ್ಕೋ, ಬೈಗುಳದಲ್ಲಿ ಅವನಿಗೊಂದು ಪಾಲು ಕೊಡುವುದಕ್ಕೋ, ಎರಡರಲ್ಲಿ ಯಾವುದು ಹೆಚ್ಚಿತ್ತೆಂದು ಇವತ್ತಿಗೂ ನಾನು ಪ್ರಮಾಣ ಮಾಡಿ ಹೇಳಲಾರೆ.

“ಸಿಂಗಪುರದವನು ಹೇಳ್ದ,” ಎಂದೆ. “ಇಲ್ಲೂ ನಿಲ್ಲಿಸಿಬಿಡಿ ಅಣ್ಣ ಅಂದ.”

ಗುಜುಗುಜು ನಿಂತಿತು. ನನ್ನ ಹೆಂಡತಿ ಒಮ್ಮೆ ನನ್ನ ಕಡೆ ನೋಡಿ, ಎಲೆ ಅಡಿಕೆಯ ತಟ್ಟೆ ಇಟ್ಟು ಹೋದಳು. ಟ್ರಾಕ್ಟರಿನವನು ಎಲೆಗಳನ್ನು ಚಾಪೆಗೆ ಬಡಿದು ಸರಿಮಾಡಿಕೊಂಡ.

“ಹಂಗಾದ್ರೆ ಇರ್ಲಿ ಬಿಡಿ,” ಎಂದ. “ಅವನು ಹೇಳ್ದ ಅಂದ್ಮೇಲೆ ಏನೋ ಇರ್ತದೆ.”

ಅತ್ತೆಯ ಮುಖ ಸಡಿಲವಾಯಿತು. “ಅಷ್ಟು ದೂರದಾಗಿದ್ದೂ ನಮ್ಮ ಮನೆ ಯೋಚ್ನೆ ಮಾಡ್ತಾನೆ ನೋಡಿ,” ಎಂದು, ನಾನು ಕೂತಿದ್ದ ಕುರ್ಚಿಯನ್ನು ತೋರಿಸಿದರು. “ಡಬ್ಬಿ ಇಲ್ಲ ಅಂದ್ಮೇಲೆ ನಿಮಗೂ ಅಲ್ಲೇನು ಕೆಲ್ಸ. ಕೆಳಗೆ ಎಲ್ಲಾರ ಜೊತೆ ಕೂತ್ಕೊಳ್ಳಿ ಅಳಿಯಂದ್ರೆ, ಕುರ್ಚಿ ಒಳಗೆ ಇಡ್ತೀನಿ.”

ಎದ್ದೆ. ಟ್ರಾಕ್ಟರಿನವನು ಸರಿದು ಜಾಗ ಮಾಡಿಕೊಟ್ಟ. ಚಾಪೆಯ ಮೇಲೆ ಮಂಡಿ ಮಡಿಸಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.